ಎಂಆರ್‌ಎನ್‌ಎ ಒಂದು ಹೇಳುತ್ತೆ, ಪ್ರೋಟೀನ್ ಇನ್ನೊಂದು: ತಪ್ಪು ಎನ್‌ಎಂಡಿಯದೋ ಐಆರ್‌ಇಯದೋ ಪತ್ತೆ ಮಾಡುವುದು ಹೇಗೆ?

ಜೀನ್ ಸರಿಯಾಗಿದೆ, ಪ್ರೊಮೋಟರ್ ಕೆಲಸ ಮಾಡುತ್ತಿದೆ, ಆದರೂ ಪ್ರೋಟೀನ್ ಲೆಕ್ಕ ತಾಳೆಯಾಗುತ್ತಿಲ್ಲ. ಒಂದೋ ಇರಬೇಕಾದಷ್ಟಿಲ್ಲ, ಇಲ್ಲವೇ ಬೇಡದಷ್ಟಿದೆ. ಇಂಥ ಕಡೆ ದೋಷ ಹೆಚ್ಚಾಗಿ ಎಂಆರ್‌ಎನ್‌ಎ ಹಂತದಲ್ಲೇ ಇರುತ್ತದೆ. ಆ ಹಂತದ ಎರಡು ನಿಯಂತ್ರಣಗಳನ್ನು ಮಾತ್ರ ಇಲ್ಲಿ ಹಿಡಿದುಕೊಂಡಿದ್ದೇನೆ.

ಒಂದು, ನಾನ್‌ಸೆನ್ಸ್ ಮೀಡಿಯೇಟೆಡ್ ಡಿಕೇ, ಅಂದರೆ ಎನ್‌ಎಂಡಿ. ಸ್ಟಾಪ್ ಕೋಡಾನ್ ಬರಬಾರದ ಜಾಗದಲ್ಲಿ ಬಂದಿರುವ ಎಂಆರ್‌ಎನ್‌ಎಯನ್ನು ಜೀವಕೋಶ ಗುರುತಿಸಿ ಒಡೆದು ಹಾಕುತ್ತದೆ. ಇನ್ನೊಂದು, ಐರನ್ ರೆಸ್ಪಾನ್ಸ್ ಎಲಿಮೆಂಟ್, ಅಂದರೆ ಐಆರ್‌ಇ. ಇದು ಎಂಆರ್‌ಎನ್‌ಎಯಲ್ಲೇ ಮಡಚಿಕೊಂಡಿರುವ ಒಂದು ಚಿಕ್ಕ ಹೇರ್‌ಪಿನ್. ಜೀವಕೋಶದಲ್ಲಿ ಕಬ್ಬಿಣ ಕಡಿಮೆಯಾದಾಗ ಐಆರ್‌ಪಿ1 ಮತ್ತು ಐಆರ್‌ಪಿ2 ಎಂಬ ಪ್ರೋಟೀನ್‌ಗಳು ಬಂದು ಇದನ್ನು ಹಿಡಿದುಕೊಳ್ಳುತ್ತವೆ. ಹೇರ್‌ಪಿನ್ 5′ ತುದಿಯಲ್ಲಿದ್ದರೆ (ಫೆರಿಟಿನ್‌ನಲ್ಲಿ ಇರುವಂತೆ) ರೈಬೋಸೋಮ್ ಹತ್ತಲು ಆಗುವುದಿಲ್ಲ, ಪ್ರೋಟೀನ್ ತಯಾರಿ ನಿಲ್ಲುತ್ತದೆ. 3′ ತುದಿಯಲ್ಲಿದ್ದರೆ (ಟ್ರಾನ್ಸ್‌ಫೆರಿನ್ ರಿಸೆಪ್ಟರ್ 1ರಲ್ಲಿ ಇಂಥವು ಐದಿವೆ) ಎಂಆರ್‌ಎನ್‌ಎಗೆ ಕತ್ತರಿ ಬೀಳುವುದು ತಪ್ಪುತ್ತದೆ, ಅದು ಜಾಸ್ತಿ ಹೊತ್ತು ಬಾಳುತ್ತದೆ.

ಈ ಎರಡರಲ್ಲೂ ಬರೀ ಸೀಕ್ವೆನ್ಸ್ ನೋಡಿದರೆ ಸಾಲದು. ಎರಡೂ ಅಳೆಯುವುದು ದೂರವನ್ನು. ಎನ್‌ಎಂಡಿಗೆ ಸ್ಟಾಪ್ ಕೋಡಾನ್ ಕೊನೆಯ ಎಕ್ಸಾನ್ ಜೋಡಣೆಯಿಂದ ಎಷ್ಟು ಹಿಂದಿದೆ ಅನ್ನುವುದು ಮುಖ್ಯ. 5′ ಐಆರ್‌ಇಗೆ ಹೇರ್‌ಪಿನ್ ಕ್ಯಾಪ್‌ನಿಂದ ಎಷ್ಟು ದೂರದಲ್ಲಿದೆ ಅನ್ನುವುದು ಮುಖ್ಯ. ಪ್ರಯೋಗ ಕೆಡುವುದು ಹೆಚ್ಚಾಗಿ ಈ ದೂರ ಲೆಕ್ಕಕ್ಕೆ ಬಾರದೆ ಹೋದಾಗ.

ಮೊದಲು ಎರಡು ಅಳತೆ

ಒಂದೇ ಪ್ಲೇಟ್‌ನ ಕೋಶಗಳನ್ನು ಎರಡು ಪಾಲು ಮಾಡಿ. ಒಂದರಿಂದ ಆರ್‌ಎನ್‌ಎ ತೆಗೆಯಿರಿ, ಇನ್ನೊಂದರಿಂದ ಪ್ರೋಟೀನ್. ಬೇರೆ ಬೇರೆ ದಿನದ ಪ್ಲೇಟ್ ಬೇಡ. ಕಬ್ಬಿಣದ ವಿಷಯದಲ್ಲಂತೂ ಹೊಸ ಮೀಡಿಯಾ ಹಾಕಿದ್ದು ಯಾವಾಗ ಎನ್ನುವುದೇ ಫಲಿತಾಂಶವನ್ನು ಬದಲಾಯಿಸಬಹುದು. ಯಾಕೆಂದರೆ ಸೀರಮ್‌ನಲ್ಲಿ ಕಬ್ಬಿಣ ಹೊತ್ತ ಟ್ರಾನ್ಸ್‌ಫೆರಿನ್ ಇರುತ್ತದೆ.

ಎಂಆರ್‌ಎನ್‌ಎ ತೀರಾ ಇಳಿದು, ಅದರ ಜೊತೆಗೇ ಪ್ರೋಟೀನೂ ಇಳಿದಿದ್ದರೆ ಎನ್‌ಎಂಡಿ ದಾರಿ ಹಿಡಿಯಿರಿ. ಎಂಆರ್‌ಎನ್‌ಎ ಇದ್ದ ಹಾಗೇ ಇದ್ದು ಪ್ರೋಟೀನ್ ಮಾತ್ರ ಏರುಪೇರಾಗಿದ್ದರೆ 5′ ಐಆರ್‌ಇ ದಾರಿ. ಎರಡೂ ಒಟ್ಟಿಗೆ ಏರಿದ್ದರೆ ಮೊದಲು ಟ್ರಾನ್ಸ್‌ಕ್ರಿಪ್ಷನ್ ಕಡೆ ನೋಡಿ. ಉರಿಯೂತ ಇದ್ದಾಗ ಫೆರಿಟಿನ್ ಜೀನ್ ತಾನೇ ಜಾಸ್ತಿ ಓಡುತ್ತದೆ, ಅದರಲ್ಲಿ ಐಆರ್‌ಇಯ ತಪ್ಪೇನೂ ಇಲ್ಲ.

ಇಳಿದದ್ದು ಒಡೆತದಿಂದಲೋ ಅಥವಾ ತಯಾರಾಗುವುದೇ ಕಡಿಮೆಯೋ ಎಂದು ತಿಳಿಯಲು ಇಂಟ್ರಾನ್ ಒಳಗೆ ಕೂರುವ ಒಂದು ಜೊತೆ ಪ್ರೈಮರ್ ಇಟ್ಟುಕೊಳ್ಳಿ. ಅದು ಇನ್ನೂ ಸ್ಪ್ಲೈಸ್ ಆಗದ ಆರ್‌ಎನ್‌ಎಯನ್ನು ಅಳೆಯುತ್ತದೆ. ಆ ಮಟ್ಟ ಎರಡೂ ಕಡೆ ಸಮವಾಗಿದ್ದು, ಸ್ಪ್ಲೈಸ್ ಆದದ್ದು ಮಾತ್ರ ಕಡಿಮೆ ಇದ್ದರೆ, ಸಮಸ್ಯೆ ಟ್ರಾನ್ಸ್‌ಕ್ರಿಪ್ಷನ್ ಆದ ಮೇಲಿನದು. ಈ ಪ್ರೈಮರ್‌ಗೆ ಡಿಎನ್‌ಎ ಕಲಬೆರಕೆಯೂ ಸಿಗ್ನಲ್ ಕೊಡುತ್ತದೆ. ಹಾಗಾಗಿ ಡಿಎನ್‌ಏಸ್ ಹಾಕಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕಂಟ್ರೋಲ್ ವೆಲ್ ಅನ್ನು ಬಿಡಲೇಬೇಡಿ.

ಎಂಆರ್‌ಎನ್‌ಎ ಇಳಿದಿದ್ದರೆ: ಸ್ಟಾಪ್ ಎಲ್ಲಿದೆ, ಎಣಿಸಿ

ಸ್ಪ್ಲೈಸಿಂಗ್ ಆದಾಗ ಪ್ರತಿ ಎಕ್ಸಾನ್ ಜೋಡಣೆಯ ಸುಮಾರು 20ರಿಂದ 24 ನ್ಯೂಕ್ಲಿಯೋಟೈಡ್ ಹಿಂದೆ ಒಂದು ಪ್ರೋಟೀನ್ ಗುಂಪು ಕೂರುತ್ತದೆ. ಅದಕ್ಕೆ ಎಕ್ಸಾನ್ ಜಂಕ್ಷನ್ ಕಾಂಪ್ಲೆಕ್ಸ್ ಎನ್ನುತ್ತಾರೆ. ಮೊದಲ ಬಾರಿ ಓದುತ್ತಾ ಹೋಗುವ ರೈಬೋಸೋಮ್ ಇವನ್ನೆಲ್ಲ ಕೆಡವಿಕೊಂಡು ಮುಂದೆ ಸಾಗುತ್ತದೆ. ಸ್ಟಾಪ್ ಬೇಗ ಬಂದರೆ ಮುಂದಿನ ಗುಂಪು ಹಾಗೇ ಉಳಿದುಬಿಡುತ್ತದೆ. ಅಲ್ಲಿ ಯುಪಿಎಫ್1 ಬಂದು ಸೇರುತ್ತದೆ, ಎಸ್‌ಎಂಜಿ1 ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಆಮೇಲೆ ಎಸ್‌ಎಂಜಿ6 ಎಂಆರ್‌ಎನ್‌ಎಯನ್ನು ಸ್ಟಾಪ್‌ನ ಹತ್ತಿರವೇ ಕತ್ತರಿಸುತ್ತದೆ. ಹಾಗಾಗಿ ಸಾಮಾನ್ಯ ನಿಯಮ ಇದು: ಸ್ಟಾಪ್ ಕೋಡಾನ್ ಕೊನೆಯ ಜೋಡಣೆಗಿಂತ 50–55 ನ್ಯೂಕ್ಲಿಯೋಟೈಡ್‌ಗೂ ಜಾಸ್ತಿ ಹಿಂದಿದ್ದರೆ ಎನ್‌ಎಂಡಿ ಆಗುತ್ತದೆ.

ಬೀಟಾ-ಗ್ಲೋಬಿನ್ ಜೀನ್ ಹಿಡಿದು ಎಣಿಸಿ ನೋಡೋಣ. ಥಲಸ್ಸೀಮಿಯಾ ಕೆಲಸ ಮಾಡುವವರಿಗೆಲ್ಲ ಇದು ದಿನನಿತ್ಯದ ಜೀನ್. ಮೂರು ಎಕ್ಸಾನ್, ಎರಡು ಇಂಟ್ರಾನ್. ಎರಡನೇ ಎಕ್ಸಾನ್ ಮುಗಿಯುವುದು 104ನೇ ಕೋಡಾನ್‌ಗೆ. ಮೆಡಿಟರೇನಿಯನ್ ಕಡೆ, ಅದರಲ್ಲೂ ಸಾರ್ಡಿನಿಯಾದಲ್ಲಿ, ತುಂಬ ಕಾಣುವ ಮ್ಯುಟೇಶನ್‌ನಲ್ಲಿ 39ನೇ ಕೋಡಾನ್ CAG ಹೋಗಿ TAG ಆಗಿದೆ.

```
104 - 39 = 65 ಕೋಡಾನ್
65 x 3   = 195 ನ್ಯೂಕ್ಲಿಯೋಟೈಡ್   -> 55ಕ್ಕಿಂತ ಜಾಸ್ತಿ, ಎನ್‌ಎಂಡಿ
(104 - 88) x 3 = 48              -> 50ಕ್ಕಿಂತ ಕಡಿಮೆ, ತಪ್ಪಿಸಿಕೊಳ್ಳುತ್ತದೆ
121ನೇ ಕೋಡಾನ್                    -> ಕೊನೆಯ ಎಕ್ಸಾನ್, ತಪ್ಪಿಸಿಕೊಳ್ಳುತ್ತದೆ
```

ಎಣಿಸುವಾಗ ಒಂದು ಎಚ್ಚರ. ಹಳೆಯ ಪದ್ಧತಿಯಲ್ಲಿ ಮೊದಲ ಮೆಥಿಯೋನಿನ್ ಲೆಕ್ಕಕ್ಕಿಲ್ಲ, ಹೊಸದರಲ್ಲಿ ಇದೆ. ಆದ್ದರಿಂದ ರಿಪೋರ್ಟ್‌ನಲ್ಲಿ `HBB:c.118C>T, p.Gln40Ter` ಎಂದು ಬಂದರೆ ಅದು ಇದೇ 39ನೇ ಕೋಡಾನ್. ಒಂದು ಕೋಡಾನ್ ಆಚೀಚೆ ಆದರೆ 195ರ ಮುಂದೆ ಏನೂ ವ್ಯತ್ಯಾಸ ಆಗದು. ಗಡಿಯ ಹತ್ತಿರ ಇದ್ದರೆ ಆಗುತ್ತದೆ.

121ನೇ ಕೋಡಾನ್‌ನ ಸ್ಟಾಪ್ ನೋಡಿದರೆ ಎನ್‌ಎಂಡಿ ಯಾಕೆ ಬೇಕು ಎನ್ನುವುದು ಅರ್ಥವಾಗುತ್ತದೆ. ಅಲ್ಲಿ ಎಂಆರ್‌ಎನ್‌ಎ ಉಳಿಯುತ್ತದೆ, ಮೊಟಕು ಬೀಟಾ ಸರಪಳಿ ತಯಾರಾಗುತ್ತದೆ, ಅದು ಕೋಶದೊಳಗೇ ಗಡ್ಡೆ ಕಟ್ಟುತ್ತದೆ. ಒಂದೇ ಪ್ರತಿ ಕೆಟ್ಟಿದ್ದರೂ ಸಾಕು, ಕಾಯಿಲೆ ಬರುತ್ತದೆ. 39ರಲ್ಲಿ ಹಾಗಲ್ಲ. ಒಂದು ಪ್ರತಿ ಕೆಟ್ಟವರು ಸಾಮಾನ್ಯವಾಗಿ ಬರೀ ಕ್ಯಾರಿಯರ್ ಆಗಿ ಉಳಿಯುತ್ತಾರೆ.

ಈ ನಿಯಮವನ್ನು ಕಣ್ಣುಮುಚ್ಚಿ ನಂಬಬೇಡಿ. ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಗುವ 15ನೇ ಕೋಡಾನ್ ಮ್ಯುಟೇಶನ್ ಇದೆಯಲ್ಲ, TGG ಹೋಗಿ TAG ಆಗಿರುವುದು, ಅದು ಕೊನೆಯ ಜೋಡಣೆಯಿಂದ ಎಷ್ಟೋ ದೂರದಲ್ಲಿದೆ. ಲೆಕ್ಕದ ಪ್ರಕಾರ ಒಡೆದು ಹೋಗಬೇಕು. ಆದರೆ ಬೀಟಾ-ಗ್ಲೋಬಿನ್‌ನಲ್ಲಿ ಸ್ಟಾಪ್ ಕೋಡಾನ್ ಆರಂಭದ AUGಗೆ ತೀರಾ ಹತ್ತಿರ ಇದ್ದರೆ ಎಂಆರ್‌ಎನ್‌ಎ ಎನ್‌ಎಂಡಿಯ ಕೈಗೆ ಸಿಗುವುದಿಲ್ಲ. ಆದ್ದರಿಂದ ಮೊದಲ ಇಪ್ಪತ್ತು ಚಿಲ್ಲರೆ ಕೋಡಾನ್‌ಗಳಲ್ಲಿ ಸ್ಟಾಪ್ ಇದ್ದು ಎಂಆರ್‌ಎನ್‌ಎ ಚೆನ್ನಾಗೇ ಕಂಡರೆ, ಸುಮ್ನೆ ಪ್ರಯೋಗ ತಪ್ಪಾಯಿತೆಂದು ಮತ್ತೆ ಮತ್ತೆ ಮಾಡುತ್ತಾ ಕೂರಬೇಡಿ.

ಒಂದು ಪ್ರಯೋಗ ಹೆಜ್ಜೆ ಹೆಜ್ಜೆಯಾಗಿ

39ನೇ ಕೋಡಾನ್ ಕೆಟ್ಟಿದೆ ಅನ್ನಿ. ಬೀಟಾ-ಗ್ಲೋಬಿನ್ ಕೆಂಪು ರಕ್ತಕಣ ತಯಾರಿಸುವ ಕೋಶಗಳಲ್ಲಷ್ಟೇ ಓಡುತ್ತದೆ. ಬಿಳಿ ರಕ್ತಕಣದಲ್ಲಿ ನೋಡಿ ಪ್ರಯೋಜನ ಇಲ್ಲ. ಹಾಗಾಗಿ ಜೀನನ್ನೇ ಪ್ಲಾಸ್ಮಿಡ್‌ಗೆ ಹಾಕಿ ಹೀಲಾ ಕೋಶಗಳಿಗೆ ಕೊಡುತ್ತಾರೆ. ಒಂದು ಸರಿಯಾದ ಪ್ರತಿ, ಇನ್ನೊಂದು TAG ಇರುವ ಪ್ರತಿ.

ಇಲ್ಲೇ ಮೊದಲ ಬಲೆ ಇರುವುದು. ಸಿಡಿಎನ್‌ಎ ಹಾಕಿದರೆ ಏನೂ ಕಾಣುವುದಿಲ್ಲ. ಅದರಲ್ಲಿ ಇಂಟ್ರಾನ್ ಇಲ್ಲ, ಇಂಟ್ರಾನ್ ಇಲ್ಲದೆ ಸ್ಪ್ಲೈಸಿಂಗ್ ಇಲ್ಲ, ಸ್ಪ್ಲೈಸಿಂಗ್ ಇಲ್ಲದೆ ಜಂಕ್ಷನ್ ಕಾಂಪ್ಲೆಕ್ಸ್ ಇಲ್ಲ. ಕೆಟ್ಟ ಪ್ರತಿಯ ಎಂಆರ್‌ಎನ್‌ಎ ಒಳ್ಳೆಯದರಷ್ಟೇ ಇರುತ್ತದೆ, ನೋಡಿದವರು “ಎನ್‌ಎಂಡಿ ಇಲ್ಲ” ಎಂದು ಬರೆದುಬಿಡುತ್ತಾರೆ. ಇಂಟ್ರಾನ್‌ಗಳಿರುವ ಮಿನಿಜೀನೇ ಬೇಕು. ಇದರ ತಿರುಗು ರೂಪವೂ ಉಂಟು. ಪ್ಲಾಸ್ಮಿಡ್‌ನ 3′ ಭಾಗದಲ್ಲಿ, ಸ್ಟಾಪ್‌ನಿಂದ 55ಕ್ಕೂ ಜಾಸ್ತಿ ದೂರದಲ್ಲಿ, ಒಂದು ಇಂಟ್ರಾನ್ ಇದ್ದರೆ ನಿಮ್ಮ ಸರಿಯಾದ ಸ್ಟಾಪ್ ಕೂಡ ಜೀವಕೋಶದ ಕಣ್ಣಿಗೆ ಅಕಾಲದ ಸ್ಟಾಪ್ ಆಗುತ್ತದೆ. ಒಳ್ಳೆಯ ಪ್ರತಿಯೂ ಒಡೆದು ಹೋಗುತ್ತದೆ. ಪ್ಲಾಸ್ಮಿಡ್ ನಕ್ಷೆ ತೆಗೆದು ಇಂಟ್ರಾನ್ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಪ್ರೈಮರ್ ಎಕ್ಸಾನ್ ಜೋಡಣೆಯ ಮೇಲೆ ಕೂರಲಿ, ಆಗ ಇಂಟ್ರಾನ್ ಇರುವ ಪ್ಲಾಸ್ಮಿಡ್ ಡಿಎನ್‌ಎ ಅಳತೆಗೆ ಬರುವುದಿಲ್ಲ. ಎಷ್ಟು ಪ್ಲಾಸ್ಮಿಡ್ ಒಳಗೆ ಹೋಯಿತು ಎನ್ನುವುದಕ್ಕೆ ಅದೇ ಪ್ಲಾಸ್ಮಿಡ್‌ನ ನಿಯೋಮೈಸಿನ್ ಜೀನ್‌ನ ಎಂಆರ್‌ಎನ್‌ಎಯನ್ನು ಲೆಕ್ಕಕ್ಕೆ ಹಿಡಿಯಿರಿ. ಹೀಲಾದ ಸ್ವಂತ ಆಕ್ಟಿನ್ ಈ ಕೆಲಸಕ್ಕೆ ಬರದು.

ಸರಿ, ಉದಾಹರಣೆಗೆ ಇಂಥ ಅಂಕಿ ಬಂದಿದೆ ಅಂದುಕೊಳ್ಳಿ. ನಿಯೋಮೈಸಿನ್ ಎಲ್ಲ ಕಡೆ ಸಮ. ಒಳ್ಳೆಯ ಪ್ರತಿಯ ಸಿಟಿ 18.0, ಕೆಟ್ಟದ್ದರದು 20.5. ವ್ಯತ್ಯಾಸ 2.5.

```
2^-2.5 = 0.18   (ಔಷಧ ಇಲ್ಲದೆ)
2^-0.7 = 0.62   (ಸೈಕ್ಲೋಹೆಕ್ಸಿಮೈಡ್ ಜೊತೆ)
```

ಒಳ್ಳೆಯದರ ಶೇ. 18ರಷ್ಟು ಮಾತ್ರ ಉಳಿದಿದೆ. ಎನ್‌ಎಂಡಿ ಪೂರ್ತಿ ಸೊನ್ನೆಗೆ ಇಳಿಸುವುದು ಅಪರೂಪ, ಸ್ವಲ್ಪ ಉಳಿದೇ ಇರುತ್ತದೆ. ಹಾಗಾಗಿ ಈ ಉಳಿಕೆ ನೋಡಿ ಗಾಬರಿ ಬೇಡ. ಮುಂದೆ, ಎನ್‌ಎಂಡಿ ನಡೆಯಲು ರೈಬೋಸೋಮ್ ಓಡಲೇಬೇಕು. ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಹಾಕಿ 4ರಿಂದ 6 ಗಂಟೆ ಬಿಟ್ಟರೆ ಓಟ ನಿಲ್ಲುತ್ತದೆ. ಆಗ ವ್ಯತ್ಯಾಸ 0.7ಕ್ಕೆ ಇಳಿದರೆ ಶೇ. 62. ಕೆಟ್ಟ ಪ್ರತಿ ಚೇತರಿಸಿಕೊಂಡಿತು. ಔಷಧ ಕೆಲಸ ಮಾಡಿದ್ದು ನಿಜವೇ ಎಂದು ತಿಳಿಯಲು ಅದೇ ಮಾದರಿಯಲ್ಲಿ ಜಿಎಎಸ್5 ಅಳೆಯಿರಿ. ಇದು ಎನ್‌ಎಂಡಿ ದಿನವೂ ಒಡೆಯುವ ಆರ್‌ಎನ್‌ಎ, ರೈಬೋಸೋಮ್ ನಿಂತರೆ ಏರಬೇಕು. ಏರಿಲ್ಲ ಎಂದಾದರೆ ನಿಮ್ಮ ಜೀನ್ ಬಗ್ಗೆ ಏನನ್ನೂ ಹೇಳುವ ಹಾಗಿಲ್ಲ. ಔಷಧವನ್ನೇ ಬದಲಾಯಿಸಿ ನೋಡಿ.

ರೋಗಿಯ ಕೋಶದಲ್ಲೇ ಆ ಜೀನ್ ಓಡುತ್ತಿದ್ದು, ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಇನ್ನೂ ಸುಲಭ. ಪ್ಲಾಸ್ಮಿಡ್ ಬೇಡ. ಡಿಎನ್‌ಎ ಮತ್ತು ಸಿಡಿಎನ್‌ಎ ಎರಡನ್ನೂ ಸ್ಯಾಂಗರ್ ಮಾಡಿಸಿ ಪಕ್ಕಪಕ್ಕ ಇಡಿ. ಡಿಎನ್‌ಎಯಲ್ಲಿ ಆ ಜಾಗದಲ್ಲಿ ಎರಡು ಬಣ್ಣದ ಶಿಖರಗಳು ಹೆಚ್ಚುಕಡಿಮೆ ಸಮ ಎತ್ತರ ಇರುತ್ತವೆ. ಸಿಡಿಎನ್‌ಎಯಲ್ಲಿ ಕೆಟ್ಟ ಅಕ್ಷರದ ಶಿಖರ ಬುಡದಲ್ಲೆಲ್ಲೋ ಕುಗ್ಗಿಕೊಂಡಿರುತ್ತದೆ. ಸೈಕ್ಲೋಹೆಕ್ಸಿಮೈಡ್ ಕೊಟ್ಟ ಕೋಶದ ಸಿಡಿಎನ್‌ಎಯಲ್ಲಿ ಅದೇ ಶಿಖರ ತಲೆ ಎತ್ತುತ್ತದೆ. ಒಂದೇ ಕೋಶದ ಒಳ್ಳೆಯ ಪ್ರತಿಯೇ ಕಂಟ್ರೋಲ್ ಆಗಿರುವುದರಿಂದ ನನಗಂತೂ ಸಿಟಿ ಅಂಕಿಗಿಂತ ಇದರ ಮೇಲೇ ನಂಬಿಕೆ ಜಾಸ್ತಿ.

ಎಂಆರ್‌ಎನ್‌ಎ ಸರಿ ಇದ್ದು ಪ್ರೋಟೀನ್ ತಪ್ಪಿದ್ದರೆ: ಜೋಡಿ ಪರೀಕ್ಷೆ

ಈಗ ಫೆರಿಟಿನ್ ಕಡೆ. ಒಂದು ಪ್ಲೇಟ್‌ಗೆ ಫೆರಿಕ್ ಅಮೋನಿಯಂ ಸಿಟ್ರೇಟ್ ಹಾಕಿ ಕಬ್ಬಿಣ ತುಂಬಿಸಿ, ಮಿಲಿಲೀಟರ್‌ಗೆ 50ರಿಂದ 100 ಮೈಕ್ರೋಗ್ರಾಂ. ಇನ್ನೊಂದಕ್ಕೆ 100 ಮೈಕ್ರೋಮೋಲಾರ್ ಡೆಸ್‌ಫೆರಿಯಾಕ್ಸಮಿನ್ ಹಾಕಿ ಕಬ್ಬಿಣ ಕಸಿಯಿರಿ. ರಾತ್ರಿಯಿಡೀ ಬಿಡಿ. ಸಿಟ್ರೇಟ್ ದ್ರಾವಣ ಬೆಳಕಿಗೆ ಕೆಡುತ್ತದೆ, ಅಂದಂದೇ ಮಾಡಿಕೊಳ್ಳಿ.

ಫೆರಿಟಿನ್ ಒಂದನ್ನೇ ನೋಡಬೇಡಿ. ಅದರ ಪ್ರೋಟೀನ್ ಜೊತೆ ಟ್ರಾನ್ಸ್‌ಫೆರಿನ್ ರಿಸೆಪ್ಟರ್ 1ರ ಎಂಆರ್‌ಎನ್‌ಎಯನ್ನೂ ಅಳೆಯಿರಿ. ಒಂದೇ ಐಆರ್‌ಪಿ ಎರಡನ್ನೂ ಆಡಿಸುತ್ತದೆ, ಆದರೆ ವಿರುದ್ಧ ದಿಕ್ಕಿಗೆ. ಕಬ್ಬಿಣ ಕೊಟ್ಟಾಗ ಫೆರಿಟಿನ್ ಏರಿ ರಿಸೆಪ್ಟರ್ ಇಳಿಯಬೇಕು. ಕಸಿದಾಗ ತಿರುಗುಮುರುಗು.

ದೋಷ ಎಲ್ಲಿದೆ ಎಂದು ಹೇಳುವುದು ಈ ಜೋಡಿಯೇ. ರಿಸೆಪ್ಟರ್ ಸರಿಯಾಗಿ ಆಡುತ್ತಿದೆ, ಫೆರಿಟಿನ್ ಮಾತ್ರ ಕಬ್ಬಿಣ ಕಸಿದಾಗಲೂ ತಯಾರಾಗುತ್ತಲೇ ಇದೆ ಅಂದರೆ ಐಆರ್‌ಪಿ ಚೆನ್ನಾಗಿದೆ, ಫೆರಿಟಿನ್‌ನ ಹೇರ್‌ಪಿನ್ ಕೆಟ್ಟಿದೆ. ಎರಡೂ ಅಲ್ಲಾಡಲಿಲ್ಲ ಅಂದರೆ ಐಆರ್‌ಪಿಯೇ ಕೆಟ್ಟಿರಬಹುದು, ಅಥವಾ ಐಆರ್‌ಪಿ2 ಅನ್ನು ಒಡೆಯಲು ಗುರುತು ಹಾಕುವ ಎಫ್‌ಬಿಎಕ್ಸ್‌ಎಲ್5 ಕೆಟ್ಟಿರಬಹುದು. ಆದರೆ ಅಷ್ಟು ದೂರ ಹೋಗುವ ಮೊದಲು ಕಬ್ಬಿಣ ಒಳಗೆ ಹೋಯಿತೇ ಎಂದು ನೋಡಿ. ಹೆಚ್ಚಾಗಿ ಹಳೆಯ ದ್ರಾವಣದ ತಪ್ಪೇ ಇರುತ್ತದೆ.

ವೆಸ್ಟರ್ನ್ ಬ್ಲಾಟ್ ಇಲ್ಲಿ ಮೋಸ ಮಾಡಬಹುದು. ಕಬ್ಬಿಣ ಕಸಿದಾಗ ಜೀವಕೋಶ ಹಳೆಯ ಫೆರಿಟಿನ್ ಅನ್ನು ಲೈಸೋಸೋಮ್‌ಗೆ ಸಾಗಿಸಿ ಕರಗಿಸುತ್ತದೆ, ಎನ್‌ಸಿಒಎ4 ಎಂಬ ಪ್ರೋಟೀನ್ ಮೂಲಕ. ಬ್ಯಾಂಡ್ ಮಸುಕಾಯಿತು ಎಂದ ಮಾತ್ರಕ್ಕೆ ತಯಾರಿ ನಿಂತಿದೆ ಎಂದಲ್ಲ. ತಯಾರಿಯನ್ನೇ ನೋಡಬೇಕಾದರೆ ಪಾಲಿಸೋಮ್ ಮಾಡಿ. ಸುಕ್ರೋಸ್ ಗ್ರೇಡಿಯಂಟ್‌ನಲ್ಲಿ ಫೆರಿಟಿನ್ ಎಂಆರ್‌ಎನ್‌ಎ ಕಬ್ಬಿಣ ಇಲ್ಲದಾಗ ಮೇಲಿನ ಹಗುರ ಭಾಗದಲ್ಲಿ ಸುಮ್ಮನೆ ಕೂತಿರುತ್ತದೆ, ಕಬ್ಬಿಣ ಬಂದೊಡನೆ ರೈಬೋಸೋಮ್ ಹತ್ತಿಸಿಕೊಂಡು ಕೆಳಗಿನ ಭಾರದ ಭಾಗಕ್ಕೆ ಇಳಿಯುತ್ತದೆ. ಒಟ್ಟು ಎಂಆರ್‌ಎನ್‌ಎ ಬದಲಾಗದೆ ಬರೀ ಜಾಗ ಬದಲಾಗಿದ್ದರೆ ಅದು ಟ್ರಾನ್ಸ್‌ಲೇಷನ್ ನಿಯಂತ್ರಣವೇ.

ಗ್ರೇಡಿಯಂಟ್ ಸೌಕರ್ಯ ಇಲ್ಲದವರು ಫೆರಿಟಿನ್‌ನ 5′ ಭಾಗವನ್ನು ಲ್ಯುಸಿಫರೇಸ್ ಮುಂದೆ ಕೂರಿಸಿ ನೋಡಬಹುದು. ಆದರೆ ಇಲ್ಲಿ ಮತ್ತೆ ದೂರದ ಲೆಕ್ಕ. ಐಆರ್‌ಪಿ ತಡೆಯುವುದು ಕ್ಯಾಪ್ ಹತ್ತಿರ ರೈಬೋಸೋಮ್‌ನ ಚಿಕ್ಕ ತುಂಡು ಬಂದು ಸೇರುವುದನ್ನು. ಹೇರ್‌ಪಿನ್ ಕ್ಯಾಪ್‌ನಿಂದ ಸುಮಾರು 40 ನ್ಯೂಕ್ಲಿಯೋಟೈಡ್ ಒಳಗಿದ್ದರೆ ಹಿಡಿತ ಗಟ್ಟಿ. ಇನ್ನೂ ದೂರ ಸರಿದರೆ, ಆ ಚಿಕ್ಕ ತುಂಡು ಮೊದಲೇ ಹತ್ತಿಕೊಂಡು, ಓಡುತ್ತಾ ಬಂದು ಐಆರ್‌ಪಿಯನ್ನು ತಳ್ಳಿಕೊಂಡು ಹೋಗಿಬಿಡುತ್ತದೆ. ಪ್ಲಾಸ್ಮಿಡ್‌ನ ಪ್ರೊಮೋಟರ್ ಮತ್ತು ಕ್ಲೋನಿಂಗ್ ಜಾಗದ ನಡುವೆ 80 ಅಕ್ಷರ ಹೆಚ್ಚುವರಿ ಇದ್ದರೆ ಸರಿಯಾದ ಐಆರ್‌ಇ ಕೂಡ ಕೆಟ್ಟಂತೆ ಕಾಣುತ್ತದೆ. ಟ್ರಾನ್ಸ್‌ಕ್ರಿಪ್ಷನ್ ಶುರುವಾಗುವ ಅಕ್ಷರದಿಂದ ಎಣಿಸಿ, ಕ್ಲೋನಿಂಗ್ ಜಾಗದಿಂದಲ್ಲ.

ಆಸ್ಪತ್ರೆಯಲ್ಲಿ ಇದೇ ದೋಷ ಹೇಗೆ ಕಾಣುತ್ತದೆ

ಒಬ್ಬರ ರಕ್ತದಲ್ಲಿ ಫೆರಿಟಿನ್ 1,200 ನ್ಯಾನೋಗ್ರಾಂ ಇದೆ ಅಂದುಕೊಳ್ಳಿ, ಮಿಲಿಲೀಟರ್‌ಗೆ. ಎಲ್ಲರ ಮನಸ್ಸಿಗೂ ಮೊದಲು ಬರುವುದು ಕಬ್ಬಿಣ ಜಾಸ್ತಿಯಾಗಿದೆ ಎಂಬುದು. ಆದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ. 28, ಮಾಮೂಲಿ. ಉರಿಯೂತ ಇಲ್ಲ, ಲಿವರ್ ಚೆನ್ನಾಗಿದೆ. ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆ ಬಂದಿದೆ, ತಂದೆಗೂ ಹಾಗೇ ಇತ್ತು. ಇಷ್ಟು ಒಟ್ಟಿಗೆ ಸಿಕ್ಕರೆ ಹೈಪರ್‌ಫೆರಿಟಿನೀಮಿಯಾ-ಕ್ಯಾಟರಾಕ್ಟ್ ಸಿಂಡ್ರೋಮ್ ನೆನಪಾಗಬೇಕು. 1995ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ಕುಟುಂಬಗಳಲ್ಲಿ ಇದನ್ನು ವಿವರಿಸಿದರು. ಫೆರಿಟಿನ್ ಎಲ್ ಜೀನ್‌ನ ಹೇರ್‌ಪಿನ್ ಕೆಟ್ಟಿರುತ್ತದೆ. ಐಆರ್‌ಪಿ ಹಿಡಿಯಲಾಗದೆ ಫೆರಿಟಿನ್ ಸದಾ ತಯಾರಾಗುತ್ತಲೇ ಇರುತ್ತದೆ, ಕಣ್ಣಿನ ಮಸೂರದಲ್ಲಿ ಹರಳು ಕಟ್ಟುತ್ತದೆ. ದೇಹದಲ್ಲಿ ಕಬ್ಬಿಣವೇನೂ ಜಾಸ್ತಿ ಇರುವುದಿಲ್ಲ. ಅಂಕಿ ನೋಡಿ ರಕ್ತ ತೆಗೆಸಲು ಶುರು ಮಾಡಿದರೆ ಬೇಗ ರಕ್ತಹೀನತೆ ಬರುತ್ತದೆ, ಫೆರಿಟಿನ್ ಮಾತ್ರ ಇಳಿಯುವುದಿಲ್ಲ.

ಜೀನ್ ಪರೀಕ್ಷೆ “ಏನೂ ಇಲ್ಲ” ಎಂದು ಬಂದರೂ ಇಲ್ಲಿ ಸುಮ್ಮನಾಗಬಾರದು. ಎಕ್ಸೋಮ್ ಕಿಟ್‌ಗಳ ಗಮನ ಪ್ರೋಟೀನ್‌ಗೆ ಕೋಡ್ ಆಗುವ ಭಾಗದ ಮೇಲೆ. ಐಆರ್‌ಇ ಇರುವುದು AUGಗಿಂತ ಹಿಂದೆ. ಅಲ್ಲಿ ಓದುಗಳೇ ಇಲ್ಲದಿರಬಹುದು, ಇದ್ದರೂ ಫಿಲ್ಟರ್‌ನಲ್ಲಿ ಬಿದ್ದುಹೋಗಿರಬಹುದು. ಆ ಜಾಗದ ಕವರೇಜ್ ಕೇಳಿ ನೋಡಿ, ಇಲ್ಲದಿದ್ದರೆ 5′ ಭಾಗವನ್ನು ಪ್ರತ್ಯೇಕವಾಗಿ ಸ್ಯಾಂಗರ್ ಮಾಡಿಸಿ. ಹೇರ್‌ಪಿನ್‌ನ ತುದಿಯ ಕುಣಿಕೆ `CAGUGN`. ಅದರ ಎರಡನೇ ಅಕ್ಷರ A ಹೋಗಿ G ಆದದ್ದು `FTL:c.-160A>G`, ಹಳೆಯ ಲೆಕ್ಕದಲ್ಲಿ +40. ಮೂರನೆಯದು ಬದಲಾದದ್ದು `FTL:c.-159G>C`. ಒಂದು ಅಕ್ಷರ ಸಾಕು, ಐಆರ್‌ಪಿ ಜಾರಿಹೋಗುತ್ತದೆ.

ಎರಡೂ ದಾರಿ ಕಲಸಿಕೊಂಡಾಗ

ಕಷ್ಟದ ಪ್ರಸಂಗ ಇದು. ಟ್ರಾನ್ಸ್‌ಫೆರಿನ್ ರಿಸೆಪ್ಟರ್ 1ರ ಎಂಆರ್‌ಎನ್‌ಎ ಇಳಿದಿದೆ. ಸೈಕ್ಲೋಹೆಕ್ಸಿಮೈಡ್ ಕೊಟ್ಟರೆ ಏರುತ್ತದೆ. ಹಾಗಾದರೆ ಎನ್‌ಎಂಡಿ ತಾನೇ? ಅಲ್ಲ. ಈ ಎಂಆರ್‌ಎನ್‌ಎಯಲ್ಲಿ ಅಕಾಲದ ಸ್ಟಾಪ್ ಏನೂ ಇಲ್ಲ. ಕಬ್ಬಿಣ ಜಾಸ್ತಿಯಾಗಿ ಐಆರ್‌ಪಿ ಬಿಟ್ಟುಹೋದದ್ದರಿಂದ 3′ ಭಾಗ ಬಯಲಾಗಿ ಕತ್ತರಿ ಬಿದ್ದಿದೆ. ಸೈಕ್ಲೋಹೆಕ್ಸಿಮೈಡ್ ಈ ಒಡೆತವನ್ನೂ ನಿಲ್ಲಿಸುತ್ತದೆ. ಆದ್ದರಿಂದ ಆ ಔಷಧಕ್ಕೆ ಏರಿತು ಎನ್ನುವುದು ಎನ್‌ಎಂಡಿಗೆ ಹೊಂದುತ್ತದೆ, ಆದರೆ ಎನ್‌ಎಂಡಿಯೇ ಎಂದು ಸಾಬೀತು ಮಾಡುವುದಿಲ್ಲ.

ಯುಪಿಎಫ್1 ಅನ್ನು ಎಸ್‌ಐಆರ್‌ಎನ್‌ಎಯಿಂದ ಇಳಿಸಿ ನೋಡುವುದು ಸೈಕ್ಲೋಹೆಕ್ಸಿಮೈಡ್‌ಗಿಂತ ಚೊಕ್ಕ. ಆದರೂ ಪೂರ್ತಿ ಚೊಕ್ಕ ಅಲ್ಲ, ಯಾಕೆಂದರೆ ಯುಪಿಎಫ್1ಗೆ ಎನ್‌ಎಂಡಿ ಬಿಟ್ಟು ಬೇರೆ ಒಡೆತಗಳಲ್ಲೂ ಕೆಲಸವಿದೆ. ಹಾಗಾಗಿ ತೀರ್ಮಾನಕ್ಕೆ ಎಂಆರ್‌ಎನ್‌ಎಯನ್ನೇ ಒಂದು ಕಡೆ ಬದಲಾಯಿಸಿ ನೋಡಬೇಕು. ಮಿನಿಜೀನ್‌ನಲ್ಲಿ TAG ಅನ್ನು ಮತ್ತೆ CAG ಮಾಡಿ. ಅಥವಾ ಸ್ಟಾಪ್ ಹಾಗೇ ಇರಲಿ, ಅದರ ಮುಂದಿರುವ ಇಂಟ್ರಾನ್ ಒಂದನ್ನೇ ತೆಗೆಯಿರಿ. ಎಂಆರ್‌ಎನ್‌ಎ ಮೇಲೆದ್ದರೆ ಎನ್‌ಎಂಡಿ. ರಿಸೆಪ್ಟರ್ ಪ್ರಸಂಗದಲ್ಲಿ ಅದರ 3′ ಭಾಗವನ್ನು ಒಂದು ರಿಪೋರ್ಟರ್ ಹಿಂದೆ ಅಂಟಿಸಿ, ಹೇರ್‌ಪಿನ್‌ಗಳು ಇರುವ ಒಂದು ಪ್ರತಿ, ಇಲ್ಲದ ಒಂದು ಪ್ರತಿ ಮಾಡಿ. ಎರಡಕ್ಕೂ ಕಬ್ಬಿಣ ಕೊಡಿ, ಕಸಿಯಿರಿ. ಹೇರ್‌ಪಿನ್ ಇರುವ ಪ್ರತಿಯ ಎಂಆರ್‌ಎನ್‌ಎ ಕಬ್ಬಿಣದ ಜೊತೆ ಏರಿಳಿದು, ಇಲ್ಲದ ಪ್ರತಿಯದು ಒಂದೇ ಮಟ್ಟದಲ್ಲಿ ನಿಂತರೆ ಅದು ಐಆರ್‌ಇ.